ಅಜ್ಜಿ ‘ಕೋತಿ’ ಎಂದರೆ ಮುದ್ದು, ಅದೇ ಮಾತು ಶಾಲೆಯಲ್ಲಿ ದೂರು. ಗೆರೆ ಎಲ್ಲಿದೆ?

ಶಿರಾದ ಸೊಸೆ

ನಾನು ಹುಟ್ಟಿ ಬೆಳೆದದ್ದು ಮೈಸೂರಿನಲ್ಲಿ. ನಮ್ಮ ಮನೆಯಲ್ಲಿ ಅಪ್ಪನಿಗೆ ಸಿಟ್ಟು ಬಂದರೆ ಪತ್ರಿಕೆ ಎತ್ತಿಕೊಂಡು ಹಿತ್ತಲಿಗೆ ಹೋಗುತ್ತಿದ್ದರು, ಅಷ್ಟೇ. ಮದುವೆಯಾಗಿ ಶಿರಾ ಹತ್ತಿರದ ಹಳ್ಳಿಗೆ ಬಂದ ಮೇಲೆ ಬೈಗುಳದ ಮಳೆಯಲ್ಲಿ ನೆನೆಯುತ್ತಿದ್ದೇನೆ. ನನ್ನ ಗಂಡನ ಸ್ನೇಹಿತ ಬಾಗಿಲಿಗೆ ಬಂದರೆ ಇವರು ಹೇಳುವ ಮೊದಲ ಮಾತು ‘ಬಾರಯ್ಯ ಕಳ್ಳ’. ಅವನ ಉತ್ತರ ‘ಇನ್ನೂ ಬದುಕಿದ್ದೀಯೇನೋ ಪೋಕರಿ’. ಆಮೇಲೆ ಇಬ್ಬರೂ ಒಂದೇ ತಟ್ಟೆಯಲ್ಲಿ ಕಡಲೆಕಾಯಿ ಸುಲಿಯುತ್ತಾ ಎರಡು ಗಂಟೆ ಕೂರುತ್ತಾರೆ.

ಇದಕ್ಕೆ ನಾನು ಒಗ್ಗಿಕೊಂಡಿದ್ದೇನೆ. ತೊಡಕು ಬಂದಿರುವುದು ಮಗನಿಂದ. ಅವನಿಗೆ ಐದು ವರ್ಷ. ಇವರ ಅಜ್ಜಿ, ಅಂದರೆ ಮಗನ ಮುತ್ತಜ್ಜಿ, ಅವನನ್ನು ದಿನವಿಡೀ ‘ಕೋತಿ’ ಎಂದೇ ಕರೆಯುತ್ತಾರೆ. ಮೊನ್ನೆ ಅವನು ಶಾಲೆಗೆ ಹೊಸದಾಗಿ ಸೇರಿದ ಹುಡುಗನನ್ನು ಅದೇ ಮಾತಿನಿಂದ ಕರೆದ. ಆ ಹುಡುಗ ಅತ್ತ, ಅವನ ತಾಯಿ ಬಂದು ದೂರು ಕೊಟ್ಟರು. ಮಗನನ್ನು ಕೇಳಿದರೆ, ‘ಅವನು ನನಗೆ ಇಷ್ಟ ಅಮ್ಮ, ಅದಕ್ಕೆ ಹಾಗೆ ಕರೆದೆ’ ಎನ್ನುತ್ತಾನೆ. ಏನು ಹೇಳಲಿ? ಅಜ್ಜಿಗೆ ಬೈಯಬೇಡಿ ಎನ್ನಲೇ, ಮಗನಿಗೆ ಬೈಯಲೇ?

ತಿಪಟೂರಿನ ತೆಂಗು

ಇಷ್ಟಕ್ಕೆಲ್ಲ ತಲೆ ಕೆಡಿಸಿಕೊಳ್ಳಬೇಡಿ ಅಕ್ಕ. ನಿಯಮ ಒಂದೇ: ಹತ್ತಿರದವರಾದರೆ ಏನು ಬೇಕಾದರೂ ಬೈಯಬಹುದು, ದೂರದವರಾದರೆ ಬಾಯಿ ಮುಚ್ಚಿಕೊಂಡಿರಬೇಕು. ನಮ್ಮ ಗೆಳೆಯರ ಗುಂಪಿನಲ್ಲಿ ಒಬ್ಬನನ್ನು ಹೆಸರು ಹಿಡಿದು ಕರೆದರೆ ‘ಏನಾಯಿತು, ನನ್ನ ಮೇಲೆ ಕೋಪವೇ?’ ಎಂದು ಗಾಬರಿಯಾಗುತ್ತಾನೆ. ಬೈಗುಳ ಜೋರಾದಷ್ಟೂ ಸ್ನೇಹ ಗಟ್ಟಿ.

ದುರ್ಗದ ದಾರಿ

ಕೋತಿ ಕಾಟದ ಬಗ್ಗೆ ಚರ್ಚೆ ನಡೆಯುತ್ತಿರುವುದು ಸಂತೋಷ. ದೇವರಾಯನದುರ್ಗಕ್ಕೆ ಹೋಗುವವರು ಕೈಯಲ್ಲಿ ಬಾಳೆಹಣ್ಣು, ಹೂವಿನ ಬುಟ್ಟಿ ಹಿಡಿದುಕೊಳ್ಳಬೇಡಿ. ಗಾಡಿಯ ಗಾಜು ಏರಿಸಿರಿ. ಶಾಲೆಯೊಳಗೇ ಕೋತಿ ಬಂದಿದ್ದರೆ ಅರಣ್ಯ ಇಲಾಖೆಗೆ ತಿಳಿಸುವುದು ಒಳ್ಳೆಯದು. ಮಕ್ಕಳಿಗೆ ಅದರ ಕಣ್ಣನ್ನೇ ದಿಟ್ಟಿಸಿ ನೋಡಬಾರದು ಎಂದು ಹೇಳಿಕೊಡಿ, ಅದು ಜಗಳಕ್ಕೆ ಕರೆದಂತೆ ಭಾವಿಸುತ್ತದೆ.

ಮಧುಗಿರಿ ಮೇಷ್ಟರು

ದುರ್ಗದವರು ದಾರಿ ತಪ್ಪಿ ಬಂದರೂ ಕೆಲಸಕ್ಕೆ ಬರುವ ಮಾತನ್ನೇ ಆಡಿದ್ದಾರೆ. ಬೈಯುವ ಅಜ್ಜಿಯರು ಕೋತಿಯನ್ನು ಚಿತ್ರದಲ್ಲಿ ನೋಡಿದವರಲ್ಲ. ಹೆಂಚು ಸರಿಸಿ ಅಡುಗೆಮನೆಗೆ ಇಳಿದು, ಒಣಗಲು ಹಾಕಿದ ಹಪ್ಪಳವನ್ನು ಕದ್ದು, ಅಟ್ಟಿಸಿದರೆ ಗೋಡೆಯ ಮೇಲೆ ಕುಳಿತು ಅಣಕಿಸುವ ಪ್ರಾಣಿಯನ್ನು ಕಂಡವರು. ಹಾಳು ಮಾಡುತ್ತದೆ, ಆದರೂ ನೋಡುತ್ತಾ ನಿಂತರೆ ನಗು ಬರುತ್ತದೆ. ಮೇಲಾಗಿ ಹನುಮಂತನ ಕುಲ, ಕಲ್ಲೆಸೆಯಲು ಕೈ ಬರುವುದಿಲ್ಲ. ಐದು ವರ್ಷದ ಹುಡುಗನಿಗೆ ಇದಕ್ಕಿಂತ ಒಪ್ಪುವ ಹೆಸರು ಇನ್ನೇನಿದೆ? ‘ಕತ್ತೆ’, ‘ಎಮ್ಮೆ’ಗಳು ಇದೇ ಸಾಲಿನಲ್ಲಿ ಸ್ವಲ್ಪ ಕೆಳಗೆ ಬರುತ್ತವೆ. ‘ನಾಯಿ’, ‘ಹಂದಿ’ ಎಂದು ಮುದ್ದಿಗೆ ಕರೆಯುವ ಅಜ್ಜಿಯನ್ನು ನಮ್ಮ ಕಡೆ ನಾನು ಕಂಡಿಲ್ಲ. ಪ್ರಾಣಿಗಳಲ್ಲೂ ಆಯ್ಕೆ ಇದೆ.

ತಿಪಟೂರಿನವರ ಮಾತು ಅರ್ಧ ಸರಿ. ಹತ್ತಿರವಿರಬೇಕು ಎಂಬುದು ನಿಜ, ಆದರೆ ಹತ್ತಿರವಿರುವ ಎಲ್ಲರಿಗೂ ಎಲ್ಲರನ್ನೂ ಬೈಯುವ ಹಕ್ಕಿಲ್ಲ. ನಿಮ್ಮ ತಂದೆ ನಿಮಗೆ ಬಹಳ ಹತ್ತಿರದವರೇ. ಅವರನ್ನು ‘ಬಾರಯ್ಯ ಕಳ್ಳ’ ಎಂದು ಕರೆದು ನೋಡಿ.

ಸೊಸೆಯವರೇ, ಅಜ್ಜಿ ಬೈಯುವ ಒಂದು ಸಂದರ್ಭವನ್ನು ಅವರ ಮಾತಿನಲ್ಲೇ ಬರೆಯುತ್ತೀರಾ? ಬೈಗುಳವನ್ನು ಇಡಿಯಾಗಿ ಕೇಳದೆ ಒಂದು ಪದವನ್ನಷ್ಟೇ ಹಿಡಿದರೆ ಏನೂ ಗೊತ್ತಾಗುವುದಿಲ್ಲ.

ಶಿರಾದ ಸೊಸೆ

ನಿನ್ನೆ ಸಂಜೆಯದ್ದು ನೆನಪಿದೆ. ಮಗ ಪಕ್ಕದ ಮನೆಯವರ ಕಾಂಪೌಂಡು ಹತ್ತಿ ಇಳಿಯುವಾಗ ಮಂಡಿ ತರಚಿಕೊಂಡು, ಕತ್ತಲಾದ ಮೇಲೆ ಬಂದ. ಅಜ್ಜಿ ಹೊಸ್ತಿಲಿನಲ್ಲೇ ಶುರು ಮಾಡಿದರು:

‘ಬಂದೆಯಾ ಹಾಳಾದವನೇ! ಎಲ್ಲಿ ಸತ್ತಿದ್ದೆ ಇಷ್ಟು ಹೊತ್ತು? ಕೋತಿಯ ಹಾಗೆ ಕಂಡವರ ಗೋಡೆ ಹತ್ತುತ್ತೀಯಲ್ಲ, ಕಾಲು ಮುರಿದುಕೊಂಡರೆ ನಿಮ್ಮಪ್ಪ ಬಂದು ಅಂಟಿಸುತ್ತಾನಾ? ಅಯ್ಯೋ ಮುಂಡೇದೇ, ರಕ್ತ ನೋಡು. ಹೋಗು, ಕೈಕಾಲು ತೊಳೆದುಕೊಂಡು ಬಾ, ಮುದ್ದೆ ಆರಿಹೋಗುತ್ತಿದೆ.’

ಇಷ್ಟೂ ಹೇಳುವಾಗ ಅವನ ಮಂಡಿಯನ್ನು ಸೆರಗಿನಿಂದ ಒರೆಸುತ್ತಿದ್ದರು. ಅವನು ನಗುತ್ತಿದ್ದ.

ಮಧುಗಿರಿ ಮೇಷ್ಟರು

ಇದರಲ್ಲಿ ಎಲ್ಲವೂ ಇದೆ. ನಿಧಾನವಾಗಿ ನೋಡೋಣ.

‘ಎಲ್ಲಿ ಸತ್ತಿದ್ದೆ?’ ಎಂಬುದು ಪ್ರಶ್ನೆಯ ವೇಷ ಹಾಕಿದೆ, ಉತ್ತರ ಬೇಡ. ಅಜ್ಜಿ ಕಾಯಲೂ ಇಲ್ಲ, ಮುಂದಿನ ಮಾತಿಗೆ ಹೋದರು. ನಿಜವಾದ ಸಿಟ್ಟಿನಲ್ಲಿ ‘ಎಲ್ಲಿಗೆ ಹೋಗಿದ್ದೆ?’ ಎಂದು ಕೇಳಿ ಸುಮ್ಮನೆ ನಿಲ್ಲುತ್ತಾರೆ. ಆ ನಿಲುಗಡೆಯಲ್ಲಿ ಮಗುವಿನ ಕೈಕಾಲು ನಡುಗುತ್ತದೆ. ಇನ್ನು ಸಾವಿನ ಮಾತು. ಸತ್ತಿದ್ದ ಎನ್ನಲಾದವನು ಮಂಡಿ ತರಚಿಕೊಂಡು ಎದುರಿಗೇ ನಿಂತಿದ್ದಾನೆ. ಮಾತು ತನ್ನನ್ನು ತಾನೇ ಸುಳ್ಳು ಮಾಡಿಕೊಳ್ಳುವಷ್ಟು ದೊಡ್ಡದಾಗಿದೆ, ಅದಕ್ಕೇ ಹುಡುಗ ನಗುತ್ತಾನೆ. ಅಜ್ಜಿ ‘ನೀನು ಸ್ವಲ್ಪ ಅವಿಧೇಯ’ ಎಂದಿದ್ದರೆ ನಂಬಿಬಿಡುತ್ತಿದ್ದ.

‘ಕಾಲು ಮುರಿದುಕೊಂಡರೆ’ ಎಂಬಲ್ಲಿ ಅವರ ನಿಜವಾದ ಭಯ ಹೊರಗೆ ಬಂತು. ಸಂಜೆಯಿಂದ ಅವರು ಹೊತ್ತುಕೊಂಡು ಕುಳಿತಿದ್ದದ್ದು ಅದನ್ನೇ. ಕೊನೆಗೆ ಬೈಗುಳ ಮುದ್ದೆಯಲ್ಲಿ ಮುಗಿಯಿತು. ಸೋಗಿನ ಗದರಿಕೆಯನ್ನು ಗುರುತಿಸಲು ಆರಂಭಕ್ಕಿಂತ ಕೊನೆಯನ್ನು ಕೇಳಬೇಕು. ಊಟಕ್ಕೋ ಸ್ನಾನಕ್ಕೋ ಹೊದಿಕೆಗೋ ಬಂದು ನಿಲ್ಲುತ್ತದೆ. ‘ನನ್ನ ಕಣ್ಣೆದುರಿಗೆ ಬರಬೇಡ’ ಎಂದು ನಿಂತು, ಆಮೇಲೆ ಮನೆ ಮೌನವಾದರೆ ಅದು ಬೇರೆ ಜಾತಿಯ ಮಾತು. ಕೈ ಏನು ಮಾಡುತ್ತಿದೆ ಎಂಬುದನ್ನು ನೀವೇ ಬರೆದಿದ್ದೀರಿ.

ನಮ್ಮ ಕಡೆಯ ಹಿರಿಯರಿಗೆ ನಿಜಕ್ಕೂ ಕೋಪ ಬಂದಾಗ ಬೈಗುಳ ಹೆಚ್ಚುವುದಿಲ್ಲ, ನಿಂತುಹೋಗುತ್ತದೆ. ‘ಕೋತಿ’ ಹೋಗಿ ಶಾಲೆಯ ದಾಖಲೆಯಲ್ಲಿರುವ ಪೂರ್ತಿ ಹೆಸರು ಬರುತ್ತದೆ. ಅಥವಾ ಹುಡುಗ ಎದುರಿಗೇ ಇರುವಾಗ ನಿಮ್ಮ ಕಡೆ ತಿರುಗಿ ‘ನಿನ್ನ ಮಗನಿಗೆ ಹೇಳು’ ಎನ್ನುತ್ತಾರೆ. ದೊಡ್ಡವರಾದರೆ ಇನ್ನೂ ತಣ್ಣಗೆ: ‘ಬನ್ನಿ, ಕುಳಿತುಕೊಳ್ಳಿ, ತಾವು ದೊಡ್ಡವರು.’ ಸ್ವಂತ ತಮ್ಮನಿಗೆ ಅಕ್ಕ ಬಹುವಚನ ಹಚ್ಚಿದಳೆಂದರೆ ಜಮೀನಿನ ವಿಷಯ ಕೋರ್ಟಿಗೆ ಹೋಗಿದೆ ಎಂದೇ ತಿಳಿಯಿರಿ.

ಬಾಗೇಪಲ್ಲಿ ಭಾವ

ಮೇಷ್ಟರ ಬಹುವಚನದ ಮಾತಿಗೆ ನೂರಕ್ಕೆ ನೂರು ಅಂಕ. ನಮ್ಮ ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ. ಅಮ್ಮ ಮುದ್ದಿಗೆ ‘ದೊಂಗ’ ಎನ್ನುತ್ತಾಳೆ, ಪಕ್ಕದ ಮನೆಯ ಅತ್ತೆ ‘ಕಳ್ಳ’ ಎನ್ನುತ್ತಾರೆ. ಕೋತಿ ಮಾತ್ರ ಎರಡು ಭಾಷೆಯಲ್ಲೂ ಕೋತಿಯೇ, ಯಾವ ಕಡೆಯಿಂದ ಬೈದರೂ ತಪ್ಪಿಸಿಕೊಳ್ಳುವಂತಿಲ್ಲ.

ನನ್ನದೊಂದು ಬೇರೆ ವಿಷಯವಿದೆ. ನನ್ನ ಸೋದರಮಾವ ನಾನು ಚಿಕ್ಕವನಿದ್ದಾಗಿನಿಂದ ನನ್ನನ್ನು ‘ಕರಿಯ’ ಎಂದೇ ಕರೆಯುತ್ತಾರೆ. ಈಗ ನನಗೆ ಮೂವತ್ತು ದಾಟಿದೆ. ಹೆಣ್ಣು ನೋಡಲು ಹೋದ ಮನೆಯಲ್ಲೂ ‘ನಮ್ಮ ಕರಿಯನಿಗೆ ಕಾಫಿ ಕೊಡಿ’ ಎಂದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಕಾಫಿ ಗಂಟಲಲ್ಲಿ ಇಳಿಯಲಿಲ್ಲ. ಕೇಳಿದರೆ ‘ಅದು ಪ್ರೀತಿ ಕಣೋ’ ಎನ್ನುತ್ತಾರೆ. ಪ್ರೀತಿ ಇರುವುದೂ ಸುಳ್ಳಲ್ಲ, ನನ್ನ ಕಾಲೇಜಿನ ಶುಲ್ಕ ಕಟ್ಟಿದವರು ಅವರೇ. ಇದು ಯಾವ ಲೆಕ್ಕಕ್ಕೆ ಸೇರುತ್ತದೆ?

ಕೋಲಾರದ ವಕೀಲೆ

ನೇರವಾಗಿ ಹೇಳುತ್ತೇನೆ: ಅದು ಮುದ್ದಲ್ಲ. ಕೋತಿ ಎಂದರೆ ಮಾಡಿದ ಚೇಷ್ಟೆಗೆ ಇಟ್ಟ ಹೆಸರು, ಗೋಡೆಯಿಂದ ಇಳಿದರೆ ಹೆಸರೂ ಇಳಿಯುತ್ತದೆ. ಬಣ್ಣ, ಕುಂಟು, ಗಿಡ್ಡ, ದಪ್ಪ ಇವು ಇಳಿಸಲಾಗದ ಹೆಸರುಗಳು. ಜಾತಿಯ ಹೆಸರು ಹಿಡಿದು ಕರೆಯುವುದಂತೂ ತಮಾಷೆಯ ಲೆಕ್ಕಕ್ಕೇ ಬರುವುದಿಲ್ಲ. ಪರಿಶಿಷ್ಟ ಜಾತಿ ಅಥವಾ ಪಂಗಡದವರನ್ನು ಹಾಗೆ ಸಾರ್ವಜನಿಕರ ಎದುರು ನಿಂದಿಸಿದರೆ 1989ರ ದೌರ್ಜನ್ಯ ತಡೆ ಕಾಯ್ದೆಯಡಿ ಅಪರಾಧ. ಸಲುಗೆಯಿಂದ ಕರೆದೆ ಎಂದು ಆಮೇಲೆ ಹೇಳುವವರನ್ನು ನಾನು ಸಾಕಷ್ಟು ನೋಡಿದ್ದೇನೆ. ಸಲುಗೆ ಎಂದು ಹೇಳಬೇಕಾದವರು ಬೈಸಿಕೊಂಡವರು.

ಕೊರಟಗೆರೆ ಅಜ್ಜಿ

ವಕೀಲಮ್ಮ, ನಿಮ್ಮ ಜಾತಿಯ ಮಾತು ಒಪ್ಪಿದೆ. ಬಣ್ಣದ ಮಾತು ಪೂರ್ತಿ ಒಪ್ಪುವುದಿಲ್ಲ. ನಮ್ಮ ಕೇರಿಯಲ್ಲಿ ಮನೆಗೊಬ್ಬ ಕರಿಯ, ಕರಿಯಮ್ಮ ಇದ್ದರು. ಕೃಷ್ಣನೂ ಕಪ್ಪೇ ಅಲ್ಲವೇ? ಬೈಗುಳ ಎಂದು ನಾವು ಎಣಿಸಿದ್ದೇ ಇಲ್ಲ.

ನೀವ್ಯಾರೂ ಹೇಳದ ಕಾರಣ ಒಂದಿದೆ, ದೃಷ್ಟಿ. ನನ್ನ ಮೊದಲ ಮೊಮ್ಮಗ ಗುಂಡುಗುಂಡಾಗಿ ಹುಟ್ಟಿದ. ನೋಡಲು ಬಂದವರೆಲ್ಲ ‘ಎಷ್ಟು ಲಕ್ಷಣವಾಗಿದ್ದಾನೆ’ ಎಂದರು. ನಾನು ತಕ್ಷಣ ‘ಏನು ಲಕ್ಷಣ, ಕೋತಿ ಮುಸುಡಿ’ ಎಂದೆ. ಕೆನ್ನೆಗೆ ಕಪ್ಪು ಬೊಟ್ಟು ಇಡುವುದೂ ಇದೂ ಒಂದೇ ಕೆಲಸ. ಹೊಗಳಿದ ಮಾತು ಮಗುವಿನ ಮೇಲೆ ಕೂರಬಾರದು, ಬೈಗುಳದ ಮೇಲೆ ಕೂರಲಿ ಎಂದು. ಸಂಜೆ ಉಪ್ಪು, ಒಣಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕುತ್ತಿದ್ದೆ. ಘಾಟು ಬರದಿದ್ದರೆ ದೃಷ್ಟಿಯಾಗಿತ್ತು ಎಂದರ್ಥ.

ಹುಟ್ಟಿದ ಮಕ್ಕಳು ಉಳಿಯದ ಮನೆಯಲ್ಲಿ ಮುಂದೆ ಹುಟ್ಟಿದ ಕೂಸನ್ನು ತಿಪ್ಪೆಯ ಮೇಲೆ ಉರುಳಿಸಿ ತಿಪ್ಪಯ್ಯ, ತಿಪ್ಪಮ್ಮ ಎಂದು ಹೆಸರಿಡುತ್ತಿದ್ದರು. ಬೇಡದ ಕಸ ಎಂದು ತಿಳಿದು ಸಾವು ಮುಂದೆ ಹೋಗಲಿ ಎಂಬ ಉಪಾಯ. ಆ ಹೆಸರಿನವರನ್ನು ನೋಡಿ ಈಗಿನ ಹುಡುಗರು ನಗುತ್ತಾರೆ. ಆ ಹೆಸರಿಟ್ಟ ತಾಯಿ ಎಷ್ಟು ಕೂಸನ್ನು ಮಣ್ಣಿಗೆ ಕೊಟ್ಟಿದ್ದಳೋ ಯಾರೂ ಕೇಳುವುದಿಲ್ಲ.

ಮಧುಗಿರಿ ಮೇಷ್ಟರು

ಅಮ್ಮ, ತಿಪ್ಪಯ್ಯನ ವಿಷಯ ಎತ್ತಿದ್ದು ಒಳ್ಳೆಯದಾಯಿತು. ತೆಲುಗರಲ್ಲಿ ಪೆಂಟಯ್ಯ, ಪೆಂಟಮ್ಮ ಎಂಬ ಹೆಸರುಗಳೂ ಇದೇ ತಿಪ್ಪೆಯಿಂದ ಬಂದವು, ಬಾಗೇಪಲ್ಲಿಯವರಿಗೆ ಗೊತ್ತಿರುತ್ತದೆ. ಆದರೆ ದೃಷ್ಟಿಯ ಕಾರಣ ಕೂಸುಗಳಿಗೆ ಹೊಂದುತ್ತದೆ, ಕಡಲೆಕಾಯಿ ಸುಲಿಯುವ ಇಬ್ಬರು ಗಂಡಸರಿಗೆ ಹೊಂದುವುದಿಲ್ಲ. ಅವರ ಮೇಲೆ ಯಾರು ಕಣ್ಣು ಹಾಕುತ್ತಾರೆ!

ಅಲ್ಲಿ ನಡೆಯುತ್ತಿರುವುದು ಬೇರೆ. ರಾಡ್‌ಕ್ಲಿಫ್ ಬ್ರೌನ್ ಎಂಬ ಇಂಗ್ಲಿಷ್ ಮಾನವಶಾಸ್ತ್ರಜ್ಞ 1940ರಲ್ಲಿ ಇಂಥ ಪರಿಹಾಸ್ಯದ ಸಂಬಂಧಗಳ ಬಗ್ಗೆಯೇ ಒಂದು ಲೇಖನ ಬರೆದ. ಕೆಲವು ನೆಂಟರ ನಡುವೆ ಗೇಲಿ ಮಾಡುವುದಕ್ಕೆ ಅನುಮತಿ ಇರುತ್ತದೆ, ಕೆಲವು ಕಡೆ ಮಾಡಲೇಬೇಕು, ಗೇಲಿಗೆ ಗುರಿಯಾದವನು ಸಿಟ್ಟಾಗುವಂತಿಲ್ಲ ಎಂಬುದು ಅವನು ಕಂಡದ್ದು. ಮದುವೆಯಿಂದ ಹತ್ತಿರ ಬಂದೂ ಹೊರಗಿನವರಾಗಿಯೇ ಉಳಿದವರ ನಡುವೆ, ಮತ್ತು ಅಜ್ಜ ಅಜ್ಜಿ ಮೊಮ್ಮಕ್ಕಳ ನಡುವೆ ಇದು ಹೆಚ್ಚು. ಅಪ್ಪ ಮಗನ ನಡುವೆ ಅಲ್ಲ.

ನಮ್ಮ ಮನೆಗಳಿಗೆ ಇದನ್ನು ಹೊಂದಿಸಿ ನೋಡಿ. ಭಾವ ಮೈದುನರು ಎದುರಾದರೆ ಕಾಲೆಳೆಯದೆ ಬಿಡುವುದಿಲ್ಲ. ಮದುವೆ ಮನೆಯಲ್ಲಿ ಬೀಗರ ಹಾಡು ಹಾಡುವ ಹೆಂಗಸರು ಗಂಡಿನ ಕಡೆಯವರ ಹೊಟ್ಟೆ, ಮೀಸೆ, ಜಿಪುಣತನ ಯಾವುದನ್ನೂ ಬಿಡುವುದಿಲ್ಲ, ಬೀಗಿತಿ ನಗುತ್ತಾ ಕೂರಬೇಕು. ಅಜ್ಜಿ ಮೊಮ್ಮಗನನ್ನು ‘ಇವನೇ ನನ್ನ ಗಂಡ’ ಎನ್ನುತ್ತಾಳೆ. ಆದರೆ ಹಿರಿಯ ಭಾವನ ಎದುರು ತಮ್ಮನ ಹೆಂಡತಿ ಸೆರಗು ಸರಿಪಡಿಸಿಕೊಂಡು ನಿಲ್ಲುತ್ತಿದ್ದಳು. ಒಂದೇ ಸೂರಿನಡಿ ಯಾರು ಯಾರನ್ನು ಬೈಯಬಹುದು ಎಂಬುದಕ್ಕೆ ಇಷ್ಟು ನಿಖರವಾದ ನಕ್ಷೆ ಇತ್ತು. ಸ್ನೇಹಿತರು ಆ ನಕ್ಷೆಯಲ್ಲಿ ಭಾವಂದಿರ ಜಾಗವನ್ನು ತಾವಾಗಿಯೇ ತೆಗೆದುಕೊಂಡಿದ್ದಾರೆ. ಗಮನಿಸಿ, ನಮ್ಮ ಕಡೆ ಪರಿಚಯವಿಲ್ಲದವನನ್ನು ಸ್ನೇಹಕ್ಕೆ ಕರೆಯುವಾಗ ‘ಏನು ಭಾವ’ ಎನ್ನುತ್ತಾರೆ.

ಇದರಲ್ಲಿ ಒಂದು ಪರೀಕ್ಷೆಯೂ ಅಡಗಿದೆ. ಬೈದರೂ ಮುನಿಯುವುದಿಲ್ಲ ಎಂಬುದನ್ನು ಇಬ್ಬರೂ ಪ್ರತಿ ಸಲ ಒಬ್ಬರಿಗೊಬ್ಬರು ತೋರಿಸಿಕೊಡುತ್ತಿದ್ದಾರೆ. ಸ್ನೇಹವಿಲ್ಲದಿದ್ದರೆ ಆ ಮಾತು ಹೊಡೆದಾಟಕ್ಕೆ ಹೋಗುತ್ತಿತ್ತು, ಹೋಗಲಿಲ್ಲ, ಆದ್ದರಿಂದ ಸ್ನೇಹವಿದೆ.

ತಿಪಟೂರಿನ ತೆಂಗು

ಹಾಗಾದರೆ ನನ್ನ ಮಾತೇ ಆಯಿತಲ್ಲ ಮೇಷ್ಟರೇ! ಬೈಗುಳ ಪ್ರೀತಿಯ ಪುರಾವೆ. 2008ರ ಸಿಡ್ನಿ ಟೆಸ್ಟಿನಲ್ಲಿ ಸೈಮಂಡ್ಸ್‌ಗೆ ಹರ್ಭಜನ್ ಕೋತಿ ಎಂದ ಎಂದು ಆಸ್ಟ್ರೇಲಿಯಾದವರು ಎಷ್ಟು ರಾದ್ಧಾಂತ ಮಾಡಿದರು. ನಮ್ಮ ಕುಂಬ್ಳೆ ನಾಯಕನಾಗಿದ್ದ ಸರಣಿ, ಮರೆಯುವಂತಿಲ್ಲ. ನಮ್ಮ ಊರಿನವರಾಗಿದ್ದರೆ ನಕ್ಕು ಮುಂದಿನ ಚೆಂಡು ಆಡುತ್ತಿದ್ದರು.

ಕೋಲಾರದ ವಕೀಲೆ

ಅದನ್ನು ಇಲ್ಲಿಗೆ ತರಬೇಡಿ. ಹರ್ಭಜನ್ ತಾನು ಹಾಗೆ ಹೇಳಲೇ ಇಲ್ಲ ಎಂದರು. ಮೂರು ಟೆಸ್ಟ್‌ಗಳ ನಿಷೇಧ ಮೇಲ್ಮನವಿಯಲ್ಲಿ ಬಿದ್ದುಹೋಗಿ ದಂಡವಷ್ಟೇ ಉಳಿಯಿತು. ಹೇಳಿದರೋ ಇಲ್ಲವೋ, ಪ್ರಶ್ನೆ ಅದಲ್ಲ. ಅದಕ್ಕೆ ಕೆಲವೇ ತಿಂಗಳ ಹಿಂದೆ, 2007ರಲ್ಲಿ, ವಡೋದರಾ ಮತ್ತು ಮುಂಬೈ ಮೈದಾನಗಳಲ್ಲಿ ಪ್ರೇಕ್ಷಕರು ಸೈಮಂಡ್ಸ್‌ರನ್ನು ಮಂಗನ ಕೂಗು ಕೂಗಿ ಅಣಕಿಸಿದ್ದರು. ಕಪ್ಪು ಜನರನ್ನು ಮನುಷ್ಯರೇ ಅಲ್ಲ ಎಂದು ಹೇಳಲು ಆ ಮಾತನ್ನು ತಲೆಮಾರುಗಳಿಂದ ಬಳಸಿದ್ದಾರೆ. ಗ್ಯಾಲರಿಯಿಂದ ಸಾವಿರ ಜನ ಕೂಗುವುದಕ್ಕೂ ನಿಮ್ಮ ಅಜ್ಜಿ ಮಂಡಿ ಒರೆಸುತ್ತಾ ಹೇಳುವುದಕ್ಕೂ ಏನು ಸಂಬಂಧ?

ಮೇಷ್ಟರ ಪರೀಕ್ಷೆಯ ಮಾತಿಗೂ ಒಂದು ತಕರಾರಿದೆ. ಮುನಿಸಿಕೊಳ್ಳಲು ಶಕ್ತಿಯಿಲ್ಲದವನೂ ಮುನಿಯುವುದಿಲ್ಲ. ಕಚೇರಿಯಲ್ಲಿ ಸಾಹೇಬರು ಜವಾನನನ್ನು ‘ಲೋ ಕತ್ತೆ’ ಎಂದಾಗ ಅವನು ನಗುವುದು ಸ್ನೇಹಕ್ಕಲ್ಲ, ಸಂಬಳಕ್ಕೆ. ನೀವು ಹೇಳಿದ ಬೀಗಿತಿಗೂ ನಗದೆ ಬೇರೆ ದಾರಿ ಇತ್ತೇ?

ಮಧುಗಿರಿ ಮೇಷ್ಟರು

ಬೀಗಿತಿಗೆ ದಾರಿ ಇತ್ತು. ಅವಳ ಕಡೆಯವರೂ ಸರದಿಯಲ್ಲಿ ಹೆಣ್ಣಿನ ಕಡೆಯವರನ್ನು ಹಾಡಿ ಜರೆಯುತ್ತಿದ್ದರು. ಜವಾನನ ವಿಷಯದಲ್ಲಿ ನಿಮ್ಮ ಮಾತೇ ಸರಿ. ತಿರುಗಿ ಹೇಳಲು ಸಾಧ್ಯವಿಲ್ಲದ ಕಡೆ ಅದನ್ನು ತಮಾಷೆ ಎನ್ನಲು ಬರುವುದಿಲ್ಲ.

ಶಿರಾದ ಸೊಸೆ

ಇದನ್ನು ಓದಿ ನನಗೊಂದು ಸಂಶಯ ಬಂತು. ಅಜ್ಜಿ ನನ್ನನ್ನು ಇಷ್ಟು ವರ್ಷ ‘ಬಾಮ್ಮ, ಕುಳಿತುಕೋಮ್ಮ’ ಎಂದೇ ಮಾತನಾಡಿಸುತ್ತಿದ್ದರು. ಕಳೆದ ವಾರ ಹಸಿಮೆಣಸಿನಕಾಯಿ ಹೆಚ್ಚಿದ ಕೈಯಿಂದ ಕಣ್ಣು ಉಜ್ಜಿಕೊಂಡೆ. ಅವರು ಓಡಿ ಬಂದು ‘ಕತ್ತೆ, ಅಷ್ಟೂ ಬುದ್ಧಿ ಬೇಡವಾ ನಿನಗೆ!’ ಎಂದು ಕಣ್ಣಿಗೆ ತಣ್ಣೀರು ಹಾಕಿದರು. ಸಂಜೆಯವರೆಗೂ ನನ್ನ ಮುಖ ಸಣ್ಣಗಾಗಿತ್ತು. ಗಂಡನಿಗೆ ಹೇಳಿದರೆ ‘ಅಂತೂ ನೀನು ಮನೆಯವಳಾದೆ’ ಎಂದು ನಕ್ಕರು. ಆದರೆ ವಕೀಲೆಯವರ ಲೆಕ್ಕದಲ್ಲಿ ನೋಡಿದರೆ, ನಾನು ತಿರುಗಿ ಅಜ್ಜಿಯನ್ನು ಕತ್ತೆ ಎನ್ನುವಂತಿಲ್ಲವಲ್ಲ?

ಮತ್ತೆ ಆ ‘ಮುಂಡೇದು’ ಎಂಬ ಮಾತು. ಅದನ್ನು ಕೇಳಿದಾಗಲೆಲ್ಲ ನನಗೆ ಮೈ ಮುಳ್ಳೇಳುತ್ತದೆ.

ಮಧುಗಿರಿ ಮೇಷ್ಟರು

ಅದೇ ಪದವನ್ನು ಅವರಿಗೆ ಹೇಳುವಂತಿಲ್ಲ. ಆದರೆ ಹಿರಿಯರಿಗೆ ಉತ್ತರ ಕೊಡುವ ಬೇರೆ ದಾರಿಗಳನ್ನು ಚಿಕ್ಕವರು ಕಂಡುಕೊಂಡೇ ಇದ್ದಾರೆ. ಬೈಗುಳವನ್ನು ಒಪ್ಪಿಕೊಂಡು ಹಿಗ್ಗಿಸುವುದು ಒಂದು: ‘ಹೌದು ಅಜ್ಜಿ, ನಿಮ್ಮ ಮೊಮ್ಮಗನಿಗೆ ನೀವೇ ಹುಡುಕಿ ತಂದ ಕತ್ತೆ.’ ಇಷ್ಟು ಹೇಳಿ ಅವರ ಮುಖ ನೋಡಿ. ನಕ್ಕರೆ, ಅಥವಾ ಇನ್ನೊಂದು ಬೈಗುಳ ಸೇರಿಸಿದರೆ, ಬಾಗಿಲು ತೆರೆದಿದೆ. ‘ಎದುರು ಮಾತನಾಡುತ್ತೀಯಾ’ ಎಂದರೆ ನೀವು ಅಂದುಕೊಂಡಷ್ಟು ಸಲುಗೆ ಇನ್ನೂ ಹುಟ್ಟಿಲ್ಲ ಎಂದು ತಿಳಿದು ಸುಮ್ಮನಿರಿ.

ಕೊರಟಗೆರೆ ಅಜ್ಜಿ

ಮುಂಡೇದು ಎಂಬುದಕ್ಕೆ ನಾನು ಹೇಳುತ್ತೇನೆ, ಮೇಷ್ಟರು ಹೇಳುವುದು ಬೇಡ. ನಾನು ಗಂಡ ಸತ್ತವಳು. ಆ ಮಾತಿನ ಬೇರು ಎಲ್ಲಿದೆ ಎಂದು ನನಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಶುಭಕಾರ್ಯಕ್ಕೆ ಹೊರಟವರಿಗೆ ನಾನು ಎದುರಾದಾಗ ಹಲ್ಲು ಕಚ್ಚಿ ಅದೇ ಮಾತನ್ನು ಅಂದವರನ್ನು ನೋಡಿದ್ದೇನೆ. ಮೊಮ್ಮಗ ಜ್ವರ ಬಂದು ಮಲಗಿದಾಗ ‘ಪಾಪದ ಮುಂಡೇದು, ಏನೂ ತಿಂದಿಲ್ಲ’ ಎಂದು ನಾನೇ ಅಂದಿದ್ದೇನೆ. ಬಾಯಿಗೆ ಬಂದುಬಿಡುತ್ತದೆ. ಬಿಡಬೇಕು ಎಂದು ಸೊಸೆ ಹೇಳಿದಳು. ಈಗ ಮಕ್ಕಳನ್ನು ‘ಮರಿ’ ಎನ್ನುತ್ತೇನೆ. ಜ್ವರ ಬಂದಾಗ ಮಾತ್ರ ಹಳೆಯದೇ ಬರುತ್ತದೆ.

ಸೊಸೆಯವರೇ, ಕತ್ತೆ ಎಂದದ್ದಕ್ಕೆ ಅಳಬೇಡಿ. ಬಾಮ್ಮ ಕುಳಿತುಕೋಮ್ಮ ಎಂಬುದು ನೆಂಟರಿಗೆ.

ಗೌರಿಬಿದನೂರು ಟೀಚರ್

ಮೊದಲ ಪ್ರಶ್ನೆಯನ್ನು ಎಲ್ಲರೂ ಮರೆತಿರಿ. ನಾನು ಒಂದನೇ ತರಗತಿಗೆ ಪಾಠ ಮಾಡುವವಳು, ಇಂಥ ದೂರು ಪ್ರತಿ ಜೂನ್‌ನಲ್ಲಿ ಬರುತ್ತದೆ.

ನಿಮ್ಮ ಮಗ ಸುಳ್ಳು ಹೇಳುತ್ತಿಲ್ಲ. ಅವನಿಗೆ ಗೊತ್ತಿರುವುದು ‘ಇಷ್ಟವಾದವರನ್ನು ಕೋತಿ ಎನ್ನಬೇಕು’ ಎಂಬಷ್ಟು. ಆ ಮಾತಿಗೆ ಮುಂಚೆ ಬಹಳ ದಿನ ಒಟ್ಟಿಗೆ ಇರಬೇಕು ಎಂಬುದು ಗೊತ್ತಿಲ್ಲ, ಏಕೆಂದರೆ ಅವನು ಹುಟ್ಟಿದ ದಿನದಿಂದಲೂ ಅಜ್ಜಿ ಅವನೊಡನೆ ಇದ್ದಾರೆ. ಹೊಸ ಹುಡುಗ ಬಂದು ಎರಡು ದಿನ. ಅವನ ಹೆಸರೇ ಇನ್ನೂ ಯಾರ ಬಾಯಲ್ಲೂ ನಿಂತಿಲ್ಲ, ಅಷ್ಟರಲ್ಲಿ ಕೋತಿ ನಿಂತುಬಿಟ್ಟರೆ?

ತರಗತಿಯಲ್ಲಿ ನಾನು ನೋಡುವುದು ಅದನ್ನೇ. ಇಬ್ಬರು ಮಕ್ಕಳು ‘ಲೋ ಕೋತಿ’, ‘ನೀನೇ ಕರಡಿ’ ಎಂದು ಹಿಂದಕ್ಕೂ ಮುಂದಕ್ಕೂ ಆಡುತ್ತಿದ್ದರೆ ನಾನು ಕಪ್ಪುಹಲಗೆಯ ಕಡೆ ತಿರುಗಿಬಿಡುತ್ತೇನೆ. ಒಬ್ಬ ಕರೆದು ಉಳಿದವರು ನಗಲು ಶುರುಮಾಡಿದರೆ ಕಿವಿ ಕೊಡುತ್ತೇನೆ. ಹಾಜರಿ ಕೂಗುವಾಗ ಹೆಸರು ಹೇಳಿದೊಡನೆ ಹಿಂದಿನ ಸಾಲಿನಿಂದ ‘ಕೋತಿ’ ಎಂದು ಬಂದರೆ ಆಟ ಮುಗಿಯಿತು, ಅಲ್ಲಿ ಮಧ್ಯೆ ಹೋಗಲೇಬೇಕು. ಇನ್ನೊಂದು ಗುರುತು, ಆ ಮಗು ಬುತ್ತಿ ತಿನ್ನುವಾಗ ಎಲ್ಲಿ ಕೂರುತ್ತದೆ ಎಂಬುದು. ಬೈದವರ ಪಕ್ಕದಲ್ಲೇ ಕೂತರೆ ನನಗೆ ಚಿಂತೆಯಿಲ್ಲ.

ಅಜ್ಜಿಯನ್ನು ತಡೆಯಬೇಡಿ, ತಡೆದರೂ ನಿಲ್ಲುವುದಿಲ್ಲ. ಮಗನಿಗೆ ‘ಅದು ಕೆಟ್ಟ ಮಾತು’ ಎಂದೂ ಹೇಳಬೇಡಿ, ಆಗ ಅಜ್ಜಿ ತನಗೆ ಕೆಟ್ಟದ್ದು ಹೇಳುತ್ತಿದ್ದಾಳೆ ಎಂದು ಗೊಂದಲವಾಗುತ್ತದೆ. ‘ಅದು ಮನೆಯ ಮಾತು, ಶಾಲೆಯಲ್ಲಿ ಹೆಸರು ಹಿಡಿದು ಕರೆ, ಅವನು ನಿನ್ನನ್ನು ಮೊದಲು ಕೋತಿ ಎಂದರೆ ಆಮೇಲೆ ನೋಡೋಣ’ ಎನ್ನಿ. ಐದು ವರ್ಷದವರಿಗೆ ಮನೆಯ ಬಟ್ಟೆ, ಶಾಲೆಯ ಬಟ್ಟೆ ಬೇರೆ ಎಂಬುದು ಅರ್ಥವಾಗುತ್ತದೆ, ಇದೂ ಆಗುತ್ತದೆ. ಆ ತಾಯಿಯನ್ನು ಮಾತ್ರ ನೀವೇ ಹೋಗಿ ನೋಡಿ. ‘ನಮ್ಮ ಮನೆಯಲ್ಲಿ ಅದು ಮುದ್ದಿನ ಮಾತು’ ಎಂದು ವಾದ ಶುರು ಮಾಡಬೇಡಿ. ಮೊದಲು ಅವರ ಮಗ ಅತ್ತದ್ದರ ಬಗ್ಗೆ ಮಾತನಾಡಿ.

ಶಿರಾದ ಸೊಸೆ

ಟೀಚರ್, ಬಹಳ ಉಪಕಾರವಾಯಿತು. ನಾಳೆ ಶಾಲೆ ಬಿಡುವ ಹೊತ್ತಿಗೆ ಹೋಗುತ್ತೇನೆ.

ತಿಪಟೂರಿನ ತೆಂಗು

ಇನ್ನೊಂದು ಸೇರಿಸಿ. ಎದುರಿಗೆ ಹೇಳಿದರೆ ನಗುವ ಸ್ನೇಹಿತ ವಾಟ್ಸಾಪ್‌ನಲ್ಲಿ ಬರೆದರೆ ಏಕೆ ಮುನಿಯುತ್ತಾನೆ? ‘ಎಲ್ಲಿ ಸತ್ತೆ ಕೋತಿ, ಫೋನ್ ಎತ್ತು’ ಎಂದು ಕಳಿಸಿದ್ದಕ್ಕೆ ನಮ್ಮ ಗುಂಪಿನಲ್ಲಿ ಒಬ್ಬ ಗುಂಪನ್ನೇ ಬಿಟ್ಟುಹೋದ.

ಗೌರಿಬಿದನೂರು ಟೀಚರ್

ಬರೆದ ಮಾತಿಗೆ ದನಿಯಿಲ್ಲ. ಬಾಯಲ್ಲಿ ‘ಕೋತೀ’ ಎಂದು ಎಳೆಯುತ್ತೀರಿ, ಪರದೆಯ ಮೇಲೆ ಅದು ಮೊಟಕಾಗಿ ಬಿದ್ದಿರುತ್ತದೆ. ಗುಂಪಿನಲ್ಲಿ ಬೇರೆಯವರೂ ಓದುತ್ತಾರೆ, ಅವರೆಲ್ಲರಿಗೂ ಅವನು ಸ್ನೇಹಿತನೇ ಆಗಿರಬೇಕೆಂದಿಲ್ಲ. ಅವನು ಫೋನ್ ಎತ್ತದೆ ಇದ್ದಾಗ ಎಲ್ಲಿದ್ದ ಎಂದು ವಿಚಾರಿಸಿದಿರಾ? ಆಸ್ಪತ್ರೆಯಲ್ಲಿದ್ದವನಿಗೆ ‘ಎಲ್ಲಿ ಸತ್ತೆ’ ಎಂಬುದು ತಮಾಷೆಯಾಗಿ ಓದಿಸಿಕೊಳ್ಳುವುದಿಲ್ಲ.

ತಿಪಟೂರಿನ ತೆಂಗು

ವಿಚಾರಿಸಿಲ್ಲ. ಈಗ ಕರೆ ಮಾಡುತ್ತೇನೆ.

ಬಾಗೇಪಲ್ಲಿ ಭಾವ

ನನ್ನ ಮಾವನ ವಿಷಯ ಹಾಗೇ ಉಳಿಯಿತು. ಅಜ್ಜಿಯವರು ಕರಿಯ ಎಂಬುದು ಬೈಗುಳವಲ್ಲ ಎನ್ನುತ್ತಾರೆ, ವಕೀಲೆಯವರು ಬೈಗುಳವೇ ಎನ್ನುತ್ತಾರೆ. ನನಗೆ ಒಬ್ಬನೇ ಇದ್ದಾಗ ಕರೆದರೆ ಏನೂ ಅನ್ನಿಸುವುದಿಲ್ಲ. ಹೆಣ್ಣು ನೋಡುವ ಮನೆಯಲ್ಲಿ ಮಾತ್ರ ಚುಚ್ಚಿತು. ಹಾಗಾದರೆ ತಪ್ಪು ಪದದ್ದೋ, ಜಾಗದ್ದೋ?

ಮಧುಗಿರಿ ಮೇಷ್ಟರು

ಜಾಗದ್ದು ಎಂದೇ ನನಗನ್ನಿಸುತ್ತದೆ. ಅವರು ಬೈದದ್ದು ನಿಮ್ಮನ್ನು, ಆದರೆ ಕೇಳಿಸಿಕೊಂಡವರು ನಿಮ್ಮನ್ನು ತೂಗಿ ನೋಡಲು ಬಂದವರು. ಮಾವ ಒಬ್ಬರೇ ಸಿಕ್ಕಾಗ, ಊಟದ ನಂತರ, ‘ಮಾವ, ಹೊರಗಿನವರ ಮುಂದೆ ಹೆಸರು ಹಿಡಿದು ಕರೆಯಿರಿ’ ಎಂದು ಹೇಳಿ. ಅದೂ ಕಷ್ಟವಾದರೆ ಅತ್ತೆಯ ಮೂಲಕ ಹೇಳಿಸಿ, ಅತ್ತೆಯರು ಇಂಥದ್ದನ್ನು ಅಚ್ಚುಕಟ್ಟಾಗಿ ಮಾಡುತ್ತಾರೆ. ಪ್ರೀತಿ ಇರುವವರು ಒಂದೆರಡು ಸಲ ತಪ್ಪಿ ಕರೆದು ನಾಲಿಗೆ ಕಚ್ಚಿಕೊಳ್ಳುತ್ತಾರೆ. ಹೇಳಿದ ಮೇಲೂ ಬೇಕೆಂದೇ ಇನ್ನಷ್ಟು ಜೋರಾಗಿ ಕರೆದರೆ ಆಗ ವಕೀಲೆಯವರ ಪಕ್ಷಕ್ಕೆ ನಾನೂ ಸೇರುತ್ತೇನೆ.

ಕೋಲಾರದ ವಕೀಲೆ

ನಾನು ಕಾಯುವುದಿಲ್ಲ ಮೇಷ್ಟರೇ. ಕರೆದದ್ದು ಹತ್ತು ಜನರ ಎದುರು, ಬೇಡ ಎನ್ನುವುದು ಮಾತ್ರ ಅತ್ತೆಯ ಕಿವಿಯಲ್ಲೇ? ಮುಂದಿನ ಸಲ ಹಾಗೆ ಕರೆದಾಗ ಅಲ್ಲೇ ನಗುತ್ತಲೇ ‘ಮಾವ, ನನಗೊಂದು ಹೆಸರಿದೆ’ ಎನ್ನಲಿ.

ಕೊರಟಗೆರೆ ಅಜ್ಜಿ

ಹೆಣ್ಣಿನ ಮನೆಯಲ್ಲಿ ಸೋದರಮಾವನಿಗೆ ಎದುರಾಡಿದ ಹುಡುಗ ಎಂದು ಸಂಬಂಧ ತಪ್ಪಿಹೋದರೆ? ಮೇಷ್ಟರು ಹೇಳಿದಂತೆ ಅತ್ತೆಗೆ ಹೇಳಪ್ಪ. ಅವಳಿಗೂ ಆ ಹೆಸರು ಇಷ್ಟವಿದೆಯೋ ಇಲ್ಲವೋ, ಅದನ್ನು ಮೊದಲು ಕೇಳು.